ಕರದಂಟಿನ ಪಕ್ಕದಲ್ಲಿ ಶೇಂಗಾ ಪಟ್ಟಿ

ಕೇಳುಗರಿಗೆ ನಮಸ್ಕಾರ.

ಅಮೀನಗಡದ ಕಡೆ ಹೋದವರಿಗೆ ಕರದಂಟು ಏನು ಅಂತ ಹೇಳಬೇಕಾಗಿಲ್ಲ. ತುಪ್ಪದಲ್ಲಿ ಕರಿದ ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ, ಮೇಲೆ ಬೆಲ್ಲದ ಪಾಕ. ಬಾಣಂತಿಗೆ ಕೊಡುವವರಿದ್ದಾರೆ. ಪುಣೆಯಲ್ಲೋ ಬೆಂಗಳೂರಲ್ಲೋ ಇರುವ ಮಗನಿಗೆ ಕಟ್ಟಿಕೊಡುವವರಿದ್ದಾರೆ. ಇಂಥ ಮಾಲು ಮಾಡುವವರಿಗೆ ಒಂದಲ್ಲ ಒಂದು ದಿನ ಒಂದು ತೊಂದರೆ ಬರುತ್ತದೆ. ಯಾರೋ ಒಬ್ಬರು ಶೇಂಗಾ ಜಾಸ್ತಿ ಹಾಕಿ, ಅಂಟು ಕಡಿಮೆ ಮಾಡಿ, ಅರ್ಧ ಬೆಲೆಗೆ ಮಾರಲು ಶುರು ಮಾಡುತ್ತಾರೆ. ಆಗ ಏನು ಮಾಡಬೇಕು?

ಒಂದು ಲೆಕ್ಕ ಇಟ್ಟುಕೊಂಡು ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾನೇ ಹಾಕಿಕೊಂಡವು. ನಿಮ್ಮ ಅಂಗಡಿಯವು ಬೇರೆ ಇರುತ್ತವೆ.

ಒಬ್ಬರು ತಿಂಗಳಿಗೆ 1000 ಕಿಲೋ ಕರದಂಟು ಮಾರುತ್ತಾರೆ ಅಂದುಕೊಳ್ಳಿ. ಬೆಲೆ ಕಿಲೋಗೆ 800 ರೂಪಾಯಿ. ಸಾಮಾನು, ಕೂಲಿ, ಪ್ಯಾಕಿಂಗ್, ಅಂಗಡಿಯವರ ಕಮಿಷನ್ ಎಲ್ಲ ಸೇರಿ 500 ಹೋಗುತ್ತದೆ. ಉಳಿಯುವುದು 300. ಈಗ ಎದುರಾಳಿಗೆ ಹೆದರಿ ಬೆಲೆಯನ್ನು 100 ರೂಪಾಯಿ ಇಳಿಸಿದರು ಅನ್ನಿ. ಕಿಲೋಗೆ ಉಳಿಯುವುದು 200 ಮಾತ್ರ. ಮೊದಲಿನ 3 ಲಕ್ಷ ಬರಬೇಕಾದರೆ 1500 ಕಿಲೋ ಮಾರಬೇಕು. ಅರ್ಧಕ್ಕರ್ಧ ಮಾರಾಟ ಎಲ್ಲಿಂದ ಹೆಚ್ಚುತ್ತದೆ? ಎದುರಾಳಿ 400ಕ್ಕೆ ಕೊಡುವಾಗ ನಿಮ್ಮ 700 ಅವನ ಗಿರಾಕಿಗೆ ಇನ್ನೂ ದುಬಾರಿಯೇ. ಹಳೇ ಗಿರಾಕಿಗಂತೂ ಇಷ್ಟು ದಿನ ನನ್ನ ಹತ್ತಿರ ಜಾಸ್ತಿ ತಗೊಂಡರು ಅನ್ನೋ ಅನುಮಾನ ಬೇರೆ ಬರುತ್ತದೆ.

ಹಾಗಾಗಿ ದೊಡ್ಡ ಕಂಪನಿಗಳು ಇನ್ನೊಂದು ದಾರಿ ಹಿಡಿಯುತ್ತವೆ. ಹಳೇ ಮಾಲಿನ ಬೆಲೆ ಮುಟ್ಟದೆ, ಪಕ್ಕದಲ್ಲಿ ಬೇರೆ ಹೆಸರಿನ ಅಗ್ಗದ ಮಾಲು ಇಡುತ್ತವೆ. ಮಾರ್ಕೆಟಿಂಗ್‌ನವರು ಇದನ್ನು ಫ್ಲ್ಯಾಂಕರ್ ಬ್ರ್ಯಾಂಡ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಬಟ್ಟೆ ತೊಳೆಯುವ ಪುಡಿಯದು. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ನಿರ್ಮಾ ಶುರು ಮಾಡಿದರು. ಅದರ ಬೆಲೆ ಸರ್ಫ್‌ನ ಬೆಲೆಯ ಮೂರರಲ್ಲಿ ಒಂದು ಪಾಲಿಗೂ ಕಡಿಮೆ ಇತ್ತು. ಸರ್ಫ್ ಮಾಡುವ ಹಿಂದೂಸ್ತಾನ್ ಲೀವರ್‌ನವರು ಮೊದಲು ನಿರ್ಮಾವನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಆಮೇಲೆ ಟಿವಿ ಜಾಹೀರಾತಿನಲ್ಲಿ ಲಲಿತಾಜಿ ಅನ್ನುವ ಗೃಹಿಣಿ ಬಂದರು, ಸರ್ಫ್ ಕೊಳ್ಳುವುದೇ ಜಾಣತನ ಅಂತ ಹೇಳಿದರು. ಅದರಿಂದ ಸರ್ಫ್‌ನ ಗಿರಾಕಿ ಉಳಿದರು, ನಿರ್ಮಾ ನಿಲ್ಲಲಿಲ್ಲ. ಕೊನೆಗೆ 1987ರಲ್ಲಿ ಲೀವರ್‌ನವರದೇ ಅಗ್ಗದ ಪುಡಿ ವ್ಹೀಲ್ ಬಂತು. ಅಲ್ಲಿ ಅವರು ಮಾಡಿದ್ದನ್ನು ಗಮನಿಸಿ. ಅಗ್ಗದ ಸರ್ಫ್ ಅಂತ ಹೆಸರಿಡಲಿಲ್ಲ. ಹೆಸರು ಬೇರೆ, ಬಣ್ಣ ಬೇರೆ, ಪುಡಿಯೊಳಗಿನ ಸಾಮಾನೂ ಬೇರೆ. ಜಾಹೀರಾತಿನಲ್ಲೂ ಸರ್ಫ್ ಜೊತೆ ಹೋಲಿಸಲಿಲ್ಲ. ಅಗ್ಗದ ಪುಡಿಯಿಂದ ಕೈ ಉರಿಯುತ್ತದೆ ಅನ್ನುವ ದೂರು ಹಿಡಿದು, ನಿರ್ಮಾ ಕೊಳ್ಳುವವರ ಹತ್ತಿರವೇ ಹೋದರು.

ಉಲ್ಟಾ ಉದಾಹರಣೆ ವಿಮಾನದ್ದು. ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ ಅನ್ನು ಕಿಂಗ್‌ಫಿಶರ್ ಕೊಂಡಿತು. 2008ರಲ್ಲಿ ಅದಕ್ಕೆ ಕಿಂಗ್‌ಫಿಶರ್ ರೆಡ್ ಅಂತ ಹೆಸರಾಯಿತು. ಅದೇ ಹೆಸರು, ಅದೇ ಕೆಂಪು. ಟಿಕೆಟ್ ಮಾತ್ರ ಅಗ್ಗ. ಒಂದೇ ಹೆಸರಿನಲ್ಲಿ ಎರಡು ರೇಟು ಕಂಡರೆ ಯಾರು ಜಾಸ್ತಿ ಕೊಡುತ್ತಾರೆ? 2011ರಲ್ಲಿ ಅಗ್ಗದ ಸೇವೆ ನಿಲ್ಲಿಸುವುದಾಗಿ ಕಂಪನಿಯೇ ಹೇಳಿತು. ಕಿಂಗ್‌ಫಿಶರ್ ಮುಳುಗಿದ್ದಕ್ಕೆ ಸಾಲ, ಇಂಧನದ ಖರ್ಚು ಹೀಗೆ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಇದರ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಹೆಸರು ಹಂಚಿಕೊಂಡದ್ದರಿಂದ ಉಪಕಾರವಂತೂ ಆಗಲಿಲ್ಲ.

ಈಗ ನಮ್ಮ ಕರದಂಟಿಗೆ ಬರೋಣ. ಹೊಸ ಮಾಲು ಶೇಂಗಾ, ಕೊಬ್ಬರಿ, ಸ್ವಲ್ಪ ಉತ್ತತ್ತಿ, ಬೆಲ್ಲ. ಇದಕ್ಕೆ ಏನು ಹೆಸರಿಡಬೇಕು? ಬಹಳ ಜನ ಮಾಡುವುದು "ಇಕಾನಮಿ ಕರದಂಟು" ಇಲ್ಲವೇ "ಸಾದಾ ಕರದಂಟು". ನನ್ನ ಪ್ರಕಾರ ಅಲ್ಲೇ ಅರ್ಧ ಕೆಲಸ ಕೆಟ್ಟಿತು. ಇದು ಶೇಂಗಾ ಪಟ್ಟಿ. ಹಾಗೇ ಕರೆಯಿರಿ, ಅದರ ಮುಂದೆ ಬೇರೊಂದು ಬ್ರ್ಯಾಂಡಿನ ಹೆಸರು ಹಾಕಿ. ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿ. ಸಿಹಿ ತಿಂಡಿಗಳು 30ನೇ ವರ್ಗದಲ್ಲಿ ಬರುತ್ತವೆ.

ಇಲ್ಲಿ ಒಬ್ಬರು ಕೇಳಬಹುದು, ಹಾಗಾದರೆ ನಮ್ಮ ಹೆಸರನ್ನು ಪೂರ್ತಿ ಮುಚ್ಚಿಡೋಣವೇ ಅಂತ. ಆಗುವುದಿಲ್ಲ. ಆಹಾರದ ಪ್ಯಾಕೆಟ್ ಮೇಲೆ ತಯಾರಕರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರಲೇಬೇಕು. ಒಳಗಿನ ಸಾಮಾನುಗಳನ್ನೂ ತೂಕದಲ್ಲಿ ಜಾಸ್ತಿ ಇದ್ದದ್ದು ಮೊದಲು ಬರುವಂತೆ ಬರೆಯಬೇಕು. ಅಂದರೆ ಪ್ಯಾಕೆಟ್ಟಿನ ಹಿಂದೆ ಎಲ್ಲ ಬಯಲಿಗೆ ಇರುತ್ತದೆ. ಇರಲಿ, ಅದರಿಂದ ನಷ್ಟವಿಲ್ಲ. ಮುಂಭಾಗದಲ್ಲಿ ಹಳೇ ಲೋಗೊ, ಹಳೇ ಬಣ್ಣ, "ಇವರಿಂದಲೇ" ಅನ್ನೋ ಸಾಲು ಇರದಿದ್ದರೆ ಸಾಕು. ಕರದಂಟು ಅಂತ ಹೆಸರಿಟ್ಟು ಹಿಂದೆ ಶೇಂಗಾ ಮೊದಲು ಬಂದರೆ ಮಾತ್ರ ಗಿರಾಕಿಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ.

ಹೆಸರಿಗಿಂತ ಮುಖ್ಯವಾದದ್ದು ಬಾಯಲ್ಲಿ ಸಿಗುವ ವ್ಯತ್ಯಾಸ. ಅಂಟನ್ನು ಚೆನ್ನಾಗಿ ಕಾದ ತುಪ್ಪಕ್ಕೆ ಹಾಕಿದರೆ ಅರಳಿ ದೊಡ್ಡದಾಗುತ್ತದೆ, ಕಚ್ಚಿದರೆ ಗರಿಗರಿ ಪುಡಿಯಾಗುತ್ತದೆ. ತುಪ್ಪ ಕಾಯದಿದ್ದರೆ ನಡುವೆ ಗಟ್ಟಿ ಉಳಿದು ಹಲ್ಲಿಗೆ ಅಂಟುತ್ತದೆ. ಆ ಗರಿಗರಿ, ತುಪ್ಪದ ವಾಸನೆ, ಜಾಜಿಕಾಯಿಯ ಘಮ, ಇವು ಕರದಂಟಿನ ಆಸ್ತಿ. ಈ ಮೂರರಲ್ಲಿ ಒಂದೂ ಶೇಂಗಾ ಪಟ್ಟಿಗೆ ಹೋಗಬಾರದು. ಒಡೆದ ಕರದಂಟಿನ ಚೂರು ಉಳಿದಿದೆ, ಅದರಲ್ಲಿ ಬೆರೆಸಿಬಿಡೋಣ ಅಂತ ಮನಸ್ಸು ಬರುತ್ತದೆ. ಬೆರೆಸಬೇಡಿ. ಹಾಗಂತ ಶೇಂಗಾ ಕಮಟು ವಾಸನೆ ಹೊಡೆಯುವಂತೆಯೂ ಮಾಡಬೇಡಿ. ಅಗ್ಗದ ಮಾಲು ತನ್ನ ಬೆಲೆಗೆ ಒಳ್ಳೆಯದೇ ಇರಬೇಕು. ಇಲ್ಲದಿದ್ದರೆ ಎದುರಾಳಿಯ ಗಿರಾಕಿ ಒಮ್ಮೆ ತಗೊಂಡು ವಾಪಸ್ ಅಲ್ಲಿಗೇ ಹೋಗುತ್ತಾನೆ.

ಪರೀಕ್ಷೆ ಸುಲಭ. ಕಾಯಂ ಗಿರಾಕಿಗಳಿಗೆ ಎರಡನ್ನೂ ಹೆಸರಿಲ್ಲದ ತಟ್ಟೆಯಲ್ಲಿ ಕೊಡಿ. ಇದೇ ಕರದಂಟು ಅಂತ ಥಟ್ಟನೆ ಹೇಳಬೇಕು. ತಡವರಿಸಿದರೆ ಹೊಸ ಮಾಲು ಇನ್ನೂ ತಯಾರಾಗಿಲ್ಲ. ಅಥವಾ ನಿಮ್ಮ ಕರದಂಟೇ ತೆಳುವಾಗಿದೆ. ಎರಡನೆಯದು ಕೇಳಲು ಕಹಿ, ಆದರೂ ನೋಡಿಕೊಳ್ಳಬೇಕು.

ಇನ್ನು ಪ್ಯಾಕೆಟ್. ಶೇಂಗಾ ಪಟ್ಟಿ 10 ರೂಪಾಯಿಯ ತುಂಡು ಮತ್ತು 200 ಗ್ರಾಂ, ಇಷ್ಟೇ ಸಾಕು. ಡಬ್ಬಿ ಬೇಡ. ಕರದಂಟು ಕಾಲು ಕಿಲೋದಿಂದ ಮೇಲೆ, ಡಬ್ಬಿಯಲ್ಲಿ. ಬೀಗರ ಮನೆಗೆ ಒಯ್ಯುವವರಿಗೆ ಅಗ್ಗದ್ದರಲ್ಲಿ ಒಯ್ಯುವಂಥ ಡಬ್ಬಿಯೇ ಸಿಗಬಾರದು, ಅಲ್ವಾ?

ಅಂಗಡಿಯವರ ಕಮಿಷನ್‌ನಲ್ಲೂ ಹುಷಾರು. ಹೊಸ ಮಾಲು ಓಡಲಿ ಅಂತ ಅದಕ್ಕೆ ಜಾಸ್ತಿ ಪರ್ಸೆಂಟ್ ಕೊಡುತ್ತೇವೆ. ಕರದಂಟಿನ ಕಾಲು ಕಿಲೋ 200 ರೂಪಾಯಿ, ಅದರಲ್ಲಿ ಅಂಗಡಿಯವರಿಗೆ 30 ಸಿಗುತ್ತದೆ ಅನ್ನಿ. ಅಷ್ಟೇ ತೂಕದ ಅಗ್ಗದ ಮಾಲಿನಲ್ಲಿ 25 ಸಿಕ್ಕರೆ, ಅದೂ ದಿನಾ ಖಾಲಿಯಾಗುವಂತಿದ್ದರೆ, ಅವರು ಯಾವುದನ್ನು ಮುಂದೆ ಇಡುತ್ತಾರೆ? ಕರದಂಟು ಕೇಳಿಕೊಂಡು ಬಂದವರಿಗೂ ಇದನ್ನೇ ತೋರಿಸುತ್ತಾರೆ.

ನಿಮ್ಮ ಸ್ವಂತ ಅಂಗಡಿಯ ಗಲ್ಲೆಯಲ್ಲಿ ಆಗುವುದು ಇನ್ನೂ ಬೇರೆ. ಗಿರಾಕಿ ಕೇಳುತ್ತಾರೆ, "ಅದಕ್ಕೂ ಇದಕ್ಕೂ ಏನ್ ಫರಕ್ ಐತ್ರಿ?" ಕೆಲಸದ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾನೆ, "ಎರಡೂ ನಮ್ವ ಅದಾವ್ರಿ ಅಕ್ಕಾರ, ರೊಕ್ಕ ಅಷ್ಟ ಕಡಿಮಿ." ಆ ಒಂದು ಮಾತಿಗೆ 800 ರೂಪಾಯಿಯ ಕಾರಣ ಹೋಯಿತು. ಅವನು ಸುಳ್ಳು ಹೇಳಬೇಕಾಗಿಲ್ಲ. "ಅದು ಶೇಂಗಾರಿ, ಇದು ತುಪ್ಪದಾಗ ಕರದ ಅಂಟು" ಅಂದರೆ ಸಾಕು. ಇನ್ನೂ ಒಳ್ಳೆಯದು ಅಂದರೆ ನಿಮ್ಮ ಮೂಲ ಅಂಗಡಿಯಲ್ಲಿ ಶೇಂಗಾ ಪಟ್ಟಿ ಇಡದೇ ಇರುವುದು. ಅದು ಕಿರಾಣಿ ಅಂಗಡಿ, ಬಸ್ ಸ್ಟ್ಯಾಂಡ್, ಸಂತೆಗೆ ಹೋಗಲಿ.

ಈಗ ಕೊನೆಯ ಲೆಕ್ಕ. ಶೇಂಗಾ ಪಟ್ಟಿಗೆ ಕಿಲೋಗೆ 400 ರೂಪಾಯಿ, ಖರ್ಚು 310, ಉಳಿಯುವುದು 90. ಒಬ್ಬ ಹಳೇ ಗಿರಾಕಿ ಒಂದು ಕಿಲೋ ಕರದಂಟು ಬಿಟ್ಟು ಇದಕ್ಕೆ ಬಂದರೆ 300 ಹೋಗಿ 90 ಬರುತ್ತದೆ. 90ನ್ನು 300ಕ್ಕೆ ಹಚ್ಚಿದರೆ 30 ಪರ್ಸೆಂಟ್. ಅಂದರೆ ಹೊಸ ಮಾಲು 100 ಕಿಲೋ ಹೋದಾಗ ಕರದಂಟು 30 ಕಿಲೋ ಕಡಿಮೆಯಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇನ್ನು ಬೇರೆ ಕೋಣೆ, ಲೇಬಲ್ಲು ಅಂತ ತಿಂಗಳಿಗೆ 15,000 ಖರ್ಚು ಸೇರಿಸಿ. ತಿಂಗಳಿಗೆ 500 ಕಿಲೋ ಹೋದರೆ ಬರುವ 45,000ದಲ್ಲಿ 30,000 ಉಳಿಯುತ್ತದೆ. 100 ಕಿಲೋ ಕರದಂಟಿನ ಗಳಿಕೆಯೂ ಅಷ್ಟೇ. ನಿಮ್ಮ ಗಡಿ 100 ಕಿಲೋ.

ಗಡಿ ದಾಟಿತೋ ಇಲ್ಲವೋ ತಿಳಿಯಬೇಕಾದರೆ ಎಲ್ಲ ಕಡೆ ಒಟ್ಟಿಗೆ ಬಿಡಬೇಡಿ. ಮೊದಲು ಜಮಖಂಡಿ, ಮುಧೋಳ, ಬನಹಟ್ಟಿ ಕಡೆ ಬಿಡಿ. ಅಮೀನಗಡಕ್ಕೆ ಹತ್ತಿರದ ಹುನಗುಂದ, ಇಳಕಲ್ ಕಡೆ ಬೇಡ. ದೀಪಾವಳಿ ತಿಂಗಳು ನೋಡಿ ತೀರ್ಮಾನ ಮಾಡಬೇಡಿ, ಆಗ ಎಲ್ಲವೂ ಹೋಗುತ್ತದೆ. ಕಳೆದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಹೊಸ ಮಾಲು ಬಿಡದ ಊರುಗಳಲ್ಲಿ ಕರದಂಟು 4 ಪರ್ಸೆಂಟ್ ಇಳಿದಿದೆ ಅನ್ನಿ. ಅದು ಸೀಜನ್‌ನದೋ ಎದುರಾಳಿಯದೋ ಏಟು, ಹೇಗೂ ಬೀಳುತ್ತಿತ್ತು. ಬಿಟ್ಟ ಊರುಗಳಲ್ಲಿ ಕಳೆದ ವರ್ಷ 500 ಕಿಲೋ ಕರದಂಟು ಹೋಗಿತ್ತು, ಅದೇ ಲೆಕ್ಕದಲ್ಲಿ ಈಗ 480 ಹೋಗಬೇಕಿತ್ತು. ಹೋದದ್ದು 360. ಹಾಗಾದರೆ ಶೇಂಗಾ ಪಟ್ಟಿ ತಿಂದದ್ದು 120 ಕಿಲೋ. ಶೇಂಗಾ ಪಟ್ಟಿ ಮೇಲಿನ ಲೆಕ್ಕದಂತೆ 500 ಕಿಲೋ ಹೋಗಿದ್ದರೂ ಗಡಿ ದಾಟಿದೆ, ತಿಂಗಳಿಗೆ 6,000 ರೂಪಾಯಿ ಕೈಯಿಂದ ಹೋಗುತ್ತಿದೆ.

ಆಗ ಸುಮ್ನೆ ಗಾಬರಿಯಾಗಿ ಮಾಲನ್ನೇ ವಾಪಸ್ ತರಿಸಬೇಡಿ. ಬಿಲ್ಲುಗಳನ್ನು ತೆಗೆದು ಯಾವ ಪ್ಯಾಕೆಟ್ಟು, ಯಾವ ಅಂಗಡಿ ಅಂತ ನೋಡಿ. ಹತ್ತು ರೂಪಾಯಿ ತುಂಡು ಕೊಳ್ಳುವವರು ಸಾಮಾನ್ಯವಾಗಿ ಕರದಂಟಿನ ಗಿರಾಕಿಗಳಲ್ಲ. 200 ಗ್ರಾಮಿನ ಪ್ಯಾಕೆಟ್ಟು ಒಂದೇ ಸಲಕ್ಕೆ ಮೂರು ನಾಲ್ಕು ಹೋಗುತ್ತಿದ್ದರೆ, ಅದೂ ಕರದಂಟು ಚೆನ್ನಾಗಿ ಮಾರುತ್ತಿದ್ದ ಅಂಗಡಿಗಳಲ್ಲೇ ಆಗುತ್ತಿದ್ದರೆ, ಸೋರಿಕೆ ಅಲ್ಲಿದೆ. ಆ ಅಂಗಡಿಗಳಲ್ಲಿ ದೊಡ್ಡ ಪ್ಯಾಕೆಟ್ಟು ನಿಲ್ಲಿಸಿ, ತುಂಡು ಮಾತ್ರ ಕೊಡಿ. ಎರಡು ತಿಂಗಳು ಬಿಟ್ಟು ಮತ್ತೆ ಅದೇ ಲೆಕ್ಕ ಹಾಕಿ. ಆಗಲೂ 100 ಕಿಲೋದ ಒಳಗೆ ಬರದಿದ್ದರೆ ಆ ಊರುಗಳಲ್ಲಿ ಶೇಂಗಾ ಪಟ್ಟಿ ಮುಚ್ಚುವುದೇ ಸರಿ. ಹುನಗುಂದದ ಕಡೆ ಬಿಡುವ ಮಾತು ಆಮೇಲೆ.

ನಮಸ್ಕಾರ.