ಕ್ಯಾಪ್ಚಾ ಪರೀಕ್ಷೆ ಮತ್ತು ಎರಡು ನಿಮಿಷದ ಗಡುವು

ಕೇಳುಗರಿಗೆ ನಮಸ್ಕಾರ. ಪಾಸ್‌ವರ್ಡ್ ಮರೆತು ಖಾತೆಯನ್ನು ಮರಳಿ ಪಡೆಯಲು ಹೊರಟಾಗ, ನಾವು ಯಂತ್ರವಲ್ಲವೆಂದು ರುಜುವಾತುಪಡಿಸಲು ಎದುರಾಗುವ ಚಿತ್ರಪರೀಕ್ಷೆಯೇ ಕ್ಯಾಪ್ಚಾ. ಇದರಲ್ಲಿ ಪದೇ ಪದೇ ಸೋತವರು ತಮ್ಮ ದೃಷ್ಟಿಯನ್ನೇ ಹಳಿದುಕೊಳ್ಳುತ್ತಾರೆ. ಆದರೆ ಎಷ್ಟೋ ಸಲ ಉತ್ತರ ಸರಿಯಾಗಿಯೇ ಇದ್ದು, ಗಡುವು ಮಾತ್ರ ಮೀರಿರುತ್ತದೆ.

ಜಯನಗರದಲ್ಲಿರುವ ನನ್ನ ಸೋದರತ್ತೆಗೆ ಕಣ್ಣಿನ ಪೊರೆಯಿದೆ. ಖಾತೆಯೊಂದರ ಅರ್ಜಿ ಪುಟದಲ್ಲಿ ಅವರು ಬಸ್ಸುಗಳಿರುವ ಚೌಕಗಳನ್ನು ಕಷ್ಟಪಟ್ಟು ಗುರುತಿಸಿದರು, ಹಸಿರು ಗುರುತು ಮೂಡಿತು. ಬಳಿಕ ಮೊಬೈಲಿಗೆ ಬರಬೇಕಾದ ಓಟಿಪಿಗಾಗಿ ಕಾದು, ಅದನ್ನು ಭೂತಗನ್ನಡಿಯಲ್ಲಿ ಓದಿ ತುಂಬಿಸಿ ಒತ್ತುವಷ್ಟರಲ್ಲಿ ಪುಟ ಅವರನ್ನು ಮತ್ತೆ ಮೊದಲಿಗೇ ಕಳಿಸಿತು. ಅಲ್ಲಿದ್ದದ್ದು ಬಹಳ ಕಡೆ ಬಳಕೆಯಲ್ಲಿರುವ ರೀಕ್ಯಾಪ್ಚಾ. ಅದು ಕೊಡುವ ಒಪ್ಪಿಗೆಯ ಟೋಕನ್ ಎರಡು ನಿಮಿಷ ಮಾತ್ರ ಊರ್ಜಿತ, ಅದೂ ಒಂದೇ ಬಾರಿಗೆ. ಅವಧಿ ಮೀರಿದೊಡನೆ ಹಸಿರು ಗುರುತು ಅಳಿದು, ಪೆಟ್ಟಿಗೆಯಲ್ಲಿ ಸಣ್ಣ ಕೆಂಪಕ್ಷರದ ಸೂಚನೆ ಕಾಣುತ್ತದೆ. ಕಣ್ಣು ಮಂಜಾದವರಿಗೆ ಹೇಳಬೇಕಾದ ಮಾತನ್ನು ಅವರಿಗೇ ಕಾಣದಷ್ಟು ಚಿಕ್ಕದಾಗಿ ಬರೆದವರ ಜಾಣತನಕ್ಕೆ ಏನೆನ್ನೋಣ!

ಆದ್ದರಿಂದ ಪುಟ ಅವಕಾಶ ಕೊಟ್ಟರೆ ಹೆಸರು, ಸಂಖ್ಯೆ, ಓಟಿಪಿ ಎಲ್ಲವನ್ನೂ ತುಂಬಿಸಿ, ಕ್ಯಾಪ್ಚಾವನ್ನು ಕೊನೆಗೆ ಬಿಡಿಸಿ ಕೂಡಲೇ ಸಲ್ಲಿಸಿರಿ. ನೆಟ್ ನಿಧಾನವಾಗಿದ್ದರೆ, ಒತ್ತಿದ ಚೌಕದ ಜಾಗಕ್ಕೆ ಹೊಸ ಚಿತ್ರ ಪೂರ್ತಿ ಮೂಡುವವರೆಗೂ ಮುಂದುವರಿಯಬೇಡಿ.

ಚಿತ್ರ ಕಾಣದವರು ಪೆಟ್ಟಿಗೆಯ ಕೆಳಗಿನ ಹೆಡ್‌ಫೋನ್ ಗುರುತನ್ನು ಒತ್ತಿ, ಕೇಳಿಸಿದ್ದನ್ನು ಬರೆಯಬಹುದು. ಕೆಲವೊಮ್ಮೆ ಆ ದಾರಿಯೂ ‘ಆಮೇಲೆ ಪ್ರಯತ್ನಿಸಿ’ ಎಂದು ಮುಚ್ಚಿಕೊಳ್ಳುತ್ತದೆ. ಮೊಬೈಲ್ ಜಾಲದಲ್ಲಿ ಅನೇಕ ಗ್ರಾಹಕರು ಒಂದೇ ಐಪಿ ವಿಳಾಸವನ್ನು ಹಂಚಿಕೊಳ್ಳುವುದರಿಂದ, ಬೇರಾರದೋ ಯಂತ್ರದ ಹಾವಳಿಗೆ ನಿಮ್ಮ ಮೇಲೆ ಅನುಮಾನ ಬೀಳುವುದುಂಟು. ಆಗ ಅದೇ ಗುಂಡಿಯನ್ನು ಒತ್ತುತ್ತಾ ಕೂರುವುದಕ್ಕಿಂತ ವಿಪಿಎನ್ ಚಾಲೂ ಇದ್ದರೆ ಅದನ್ನು ನಿಲ್ಲಿಸಿ, ಮನೆಯ ವೈಫೈಗೆ ಬದಲಾಯಿಸಿ, ಹಿಂದೆ ಲಾಗಿನ್ ಆಗಿದ್ದ ಫೋನಿನಿಂದಲೇ ಪ್ರಯತ್ನಿಸುವುದು ಲೇಸು. ಕಿವಿಯೂ ಮಂದವಾಗಿರುವವರಿಗೆ ಮಾತ್ರ ಈ ಧ್ವನಿಪರೀಕ್ಷೆ ನೆರವಾಗದು.

ಜಾಲತಾಣ ಕಟ್ಟುವವರು ಮಾನದಂಡದ ಹೆಸರು ಹೇಳಿ ಪಾರಾಗುವುದೂ ಉಂಟು. ಜಾಲತಾಣಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆನ್ನುವ 2023ರ ಮಾನದಂಡ ಡಬ್ಲ್ಯೂಸಿಎಜಿ 2.2, ಲಾಗಿನ್ ಹಂತದಲ್ಲಿ ನೆನಪಿನ, ಒಗಟಿನ ಪರೀಕ್ಷೆಗಳಿಗೆ ಕಡಿವಾಣ ಹಾಕಿದರೂ, ತನ್ನ ನಡುವಿನ ಹಂತವಾದ ಎಎ ಮಟ್ಟದಲ್ಲಿ ವಸ್ತು ಗುರುತಿಸುವ ಚಿತ್ರಗಳಿಗೆ ವಿನಾಯಿತಿ ಕೊಟ್ಟಿದೆ. ಅತ್ಯಂತ ಕಟ್ಟುನಿಟ್ಟಾದ ಎಎಎ ಮಟ್ಟದಲ್ಲಷ್ಟೇ ಆ ವಿನಾಯಿತಿ ಇಲ್ಲ. ನನ್ನ ಮಟ್ಟಿಗೆ, ಒಂದು ಖಾತೆಗೆ ಗಂಟೆಗೆ ಇಷ್ಟೇ ಕೋರಿಕೆ ಎಂಬ ಮಿತಿಯಿಟ್ಟು, ನೋಂದಾಯಿತ ಇಮೇಲಿಗೆ ಕೊಂಡಿ ಕಳಿಸಿದರೆ ಬಹುತೇಕ ಕಡೆ ಕೆಲಸ ನಡೆಯುತ್ತದೆ.

ಬಳಕೆದಾರರು ಖಾತೆ ತೆರೆದಿರುವಾಗಲೇ, ಪಾಸ್‌ವರ್ಡಿನ ಬದಲಿಗೆ ಬಳಸುವ ಡಿಜಿಟಲ್ ಕೀಲಿಯಾದ ಪಾಸ್‌ಕೀ ಜೋಡಿಸಿಕೊಂಡರೆ ಬೆರಳಚ್ಚು ಅಥವಾ ಫೋನಿನ ಪಿನ್ ಸಾಕಾಗುವುದರಿಂದ, ಪಾಸ್‌ವರ್ಡ್ ಮರೆಯುವ ಪ್ರಸಂಗವೇ ವಿರಳ. ಜಾಲತಾಣ ಮುಂಚಿತವಾಗಿಯೇ ಕೊಡುವ ಬ್ಯಾಕಪ್ ಕೋಡ್‌ಗಳನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಬೀರುವಿನಲ್ಲಿ ಇಡಬಹುದು; ಆದರೆ ಅವು ಸಾಮಾನ್ಯವಾಗಿ ಓಟಿಪಿಯ ಬದಲಿಗೆ ನಡೆಯುತ್ತವೆಯೇ ಹೊರತು ಪಾಸ್‌ವರ್ಡಿನ ಬದಲಿಗಲ್ಲ. ನಮಸ್ಕಾರ.