ಆಗದ ಪಾಲಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಒಂದು ಮನೆ. ಯಜಮಾನ ತೀರಿಕೊಂಡಿದ್ದಾರೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಇದ್ದಾರೆ. ಪಿತ್ರಾರ್ಜಿತ ಜಮೀನು ಇನ್ನೂ ಪಾಲಾಗಿಲ್ಲ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಆರನೇ ಕಲಂ ಬೇರೆಯೇ ಮಾತು ಹೇಳಿತು. ಯಜಮಾನ ಸಾಯುವುದಕ್ಕೆ ಸ್ವಲ್ಪ ಮುಂಚೆ ಪಾಲಾಗಿತ್ತು ಎಂದೇ ಭಾವಿಸಿ ಅಂತ. ಆಗಿಲ್ಲ ಅನ್ನುವುದು ಊರಿಗೇ ಗೊತ್ತು, ಕಾಯ್ದೆ ಬರೆದವರಿಗೂ ಗೊತ್ತು. ಕಾನೂನಿನ ಕಲ್ಪನೆ ಅನ್ನುವುದು ಇದನ್ನೇ.

ಹೀಗೇಕೆ ಮಾಡಿದರು? ಹಳೆಯ ಮಿತಾಕ್ಷರ ಪದ್ಧತಿಯಲ್ಲಿ ಒಟ್ಟು ಕುಟುಂಬದವನಿಗೆ ‘ಇಷ್ಟು ನನ್ನದು’ ಅನ್ನಲು ಬರುವುದಿಲ್ಲ. ಗಂಡುಮಗು ಹುಟ್ಟಿದರೆ ಅವನ ಪಾಲು ಕುಗ್ಗುತ್ತದೆ, ಗಂಡಸರಲ್ಲಿ ಒಬ್ಬ ಸತ್ತರೆ ಹಿಗ್ಗುತ್ತದೆ. ಅವನೇ ಸತ್ತರೆ ಪಾಲು ಉಳಿದ ಗಂಡಸರಿಗೆ ಸೇರಿಹೋಗುತ್ತದೆ. ಹೆಂಡತಿಗೂ ಹೆಣ್ಣುಮಕ್ಕಳಿಗೂ ಏನಾದರೂ ಕೊಡಬೇಕಾದರೆ ಅವನ ಪಾಲು ಎಲ್ಲೋ ಒಂದು ಕಡೆ ನಿಲ್ಲಬೇಕು, ಅಲ್ವಾ? ಹಾಗಂತ ಸಾವಾದ ಮನೆಯನ್ನೆಲ್ಲ ಒಡೆಯಲು ಸರ್ಕಾರಕ್ಕೆ ಧೈರ್ಯವಿರಲಿಲ್ಲ. ಅದಕ್ಕೇ ಕಾಗದದ ಮೇಲಷ್ಟೇ ಪಾಲು ಮಾಡಿದರು. ಜಾಣತನವೂ ಹೌದು, ಸ್ವಲ್ಪ ಪುಕ್ಕಲುತನವೂ ಹೌದು ಅಂತ ನನಗನಿಸುತ್ತದೆ.

ನಾನು ಮೊದಲು ಹೇಳಿದ ಮನೆ ಗುರುಪಾದ ಮಗ್ದುಮ್ ಪ್ರಕರಣದ್ದು. ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪು ಕೊಟ್ಟಿತು. ಲೆಕ್ಕಕ್ಕೆ ಸುಮ್ನೆ 24 ಎಕರೆ ಎಂದಿಟ್ಟುಕೊಳ್ಳಿ. ಮುಂಬೈ ಕಡೆಯ ಪದ್ಧತಿಯಂತೆ ಅಪ್ಪ ಮಕ್ಕಳು ಪಾಲಾದರೆ ತಾಯಿಗೂ ಸಮಪಾಲು. ಅಂದರೆ ನಾಲ್ವರಿಗೂ ಆರಾರು ಎಕರೆ. ಅಪ್ಪನ ಆರು ಎಕರೆಗೆ ವಾರಸುದಾರರು ಆರು ಜನ, ತಲೆಗೆ ಒಂದೊಂದು ಎಕರೆ.

ತಾಯಿ ಕೇಳಿದ್ದು ಏಳು ಎಕರೆ: ಪಾಲಿನಲ್ಲಿ ಆರು, ಗಂಡನ ಕಡೆಯಿಂದ ಒಂದು. ಎದುರು ಪಕ್ಷದ ವಾದ ಏನಪ್ಪಾ ಅಂದರೆ, ಪಾಲಾಗಿದೆ ಅಂತ ಅಂದುಕೊಂಡದ್ದು ಅಪ್ಪನ ಭಾಗ ಅಳೆಯಲಿಕ್ಕೆ ಮಾತ್ರ. ನಿಜವಾಗಿ ಪಾಲೇ ಆಗಿಲ್ಲವಲ್ಲ, ತಾಯಿಗೆ ಆರು ಎಕರೆ ಎಲ್ಲಿಂದ ಬರಬೇಕು? ಕೆಳಗಿನ ಕೋರ್ಟು ಇದನ್ನೇ ಒಪ್ಪಿ ಒಂದು ಎಕರೆಯ ಲೆಕ್ಕಕ್ಕೆ ನಿಂತಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಾಯಿಗೆ ಆರು ಎಕರೆ ಎತ್ತಿಟ್ಟರೆ ತಾನೇ ಅಪ್ಪನ ಪಾಲು ಆರು ಅಂತ ಬರುವುದು? ಲೆಕ್ಕ ಕಟ್ಟುವಾಗ ಇದ್ದ ಪಾಲನ್ನು ಕೊಡುವಾಗ ಇಲ್ಲ ಅನ್ನುವಂತಿಲ್ಲ. ತಾಯಿಗೆ ಏಳು ಎಕರೆ ಸಿಕ್ಕಿತು, ಅಂದರೆ 24ರಲ್ಲಿ ಏಳು ಭಾಗ.

ಹಾಗಾದರೆ ಈ ಕಲ್ಪನೆಯನ್ನು ಎಲ್ಲಿಯವರೆಗೆ ಎಳೆಯಬಹುದು? ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟ 2005ರ ತಿದ್ದುಪಡಿ ಬಂದ ಮೇಲೆ ಅಣ್ಣತಮ್ಮಂದಿರು ಇದನ್ನೇ ಉಲ್ಟಾ ಹಿಡಿದರು. ಅಪ್ಪ ಸತ್ತಾಗಲೇ ಪಾಲಾಗಿಹೋಗಿದೆ, ಇನ್ನೇನು ಕೇಳುತ್ತೀಯ ಅಂತ. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ಆ ಕಲ್ಪನೆ ಬಂದದ್ದು ಸತ್ತವನ ಭಾಗ ಗೊತ್ತುಮಾಡಲಿಕ್ಕೆ. ಅಷ್ಟಕ್ಕೇ ಮನೆ ನಿಜವಾಗಿ ಒಡೆದಂತಾಗದು. ಆಸ್ತಿ ಪಾಲಾಗದೆ ಉಳಿದಿದ್ದರೆ ಮಗಳು ಮಗನಷ್ಟೇ ಪಾಲು ಕೇಳಬಹುದು, ಅಪ್ಪ 2005ಕ್ಕೆ ಮುಂಚೆಯೇ ತೀರಿಕೊಂಡಿದ್ದರೂ ಸರಿ.