ಮೊದಲ ಸಂದಾಯ ಒಂದು ತಿಂಗಳು ತಡವಾದದ್ದು

ನಮಸ್ಕಾರ. ತೆರೆಯ ಮೇಲೆ ಕಾಣುತ್ತಿರುವುದು ಮಧುಗಿರಿ ತಾಲ್ಲೂಕಿನ ನಮ್ಮ ಹಳ್ಳಿಯ ಬೀದಿ. ಯೂಟ್ಯೂಬಿನ ನನ್ನ ಮೊದಲ ಹಣ ಈ ಬೀದಿಯ ಮನೆಗೆ ಬರಲು ಏಳು ತಿಂಗಳು ಹಿಡಿಯಿತು. ಅದರಲ್ಲಿ ಕೊನೆಯ ಒಂದು ತಿಂಗಳು ಕೇವಲ ಎರಡು ದಿನಗಳ ನನ್ನ ಅಲಕ್ಷ್ಯದಿಂದ ವ್ಯರ್ಥವಾಯಿತು.

ಚಾನೆಲ್‌ಗೆ ಜಾಹೀರಾತು ಆರಂಭವಾದ ಜನವರಿಯಲ್ಲಿ ನನ್ನ ಗಳಿಕೆ 12 ಡಾಲರ್. ಯೂಟ್ಯೂಬ್ ಸ್ಟುಡಿಯೋದಲ್ಲಿ ದಿನವೂ ಕಾಣುವ ಮೊತ್ತ ಅಂದಾಜು ಮಾತ್ರ. ಒಂದು ತಿಂಗಳ ಲೆಕ್ಕ ಅಂತಿಮಗೊಂಡು, ಜಾಹೀರಾತಿನ ಹಣ ಕೊಡುವ ಗೂಗಲ್‌ನ ಆಡ್‌ಸೆನ್ಸ್ ಖಾತೆಗೆ ಜಮೆಯಾಗುವುದು ಮರು ತಿಂಗಳ 7ರಿಂದ 12ನೇ ತಾರೀಕಿನೊಳಗೆ. ಹಾಗೆ ಜಮೆಯಾದ ಮೊತ್ತ 10 ಡಾಲರ್ ದಾಟಿದಾಗ ವಿಳಾಸ ಪರಿಶೀಲನೆ ಶುರುವಾಗುತ್ತದೆ. ಗುರುತಿನ ದಾಖಲೆ ಕೇಳಿದರೆ ಮೊದಲು ಅದನ್ನು ಮುಗಿಸಬೇಕು. ಆ ಬಳಿಕವೇ ಆರು ಅಂಕಿಗಳ ಪಿನ್ ಸಂಖ್ಯೆಯಿರುವ ಪತ್ರ ಅಂಚೆಗೆ ಬೀಳುತ್ತದೆ. ಇದು ಅಂಚೆಯ ಪಿನ್‌ಕೋಡ್ ಅಲ್ಲ. ನಾನು ಮೊದಲ ದಿನ ಪಿನ್ ತುಂಬುವ ಚೌಕದಲ್ಲಿ ನಮ್ಮೂರಿನ ಪಿನ್‌ಕೋಡನ್ನೇ ಬರೆಯಲು ಹೊರಟಿದ್ದೆ. ಮೂರು ಬಾರಿ ತಪ್ಪು ಸಂಖ್ಯೆ ಕೊಟ್ಟರೆ ಜಾಹೀರಾತುಗಳೇ ನಿಂತುಹೋಗುತ್ತವೆ ಎಂಬುದು ಆಗ ತಿಳಿದಿರಲಿಲ್ಲ.

ಆ ಪತ್ರ ಸಾಮಾನ್ಯ ಅಂಚೆಯಲ್ಲಿ ಬರುತ್ತದೆ, ಎಲ್ಲಿಗೆ ತಲುಪಿದೆಯೆಂದು ಹುಡುಕಿ ನೋಡುವ ವ್ಯವಸ್ಥೆ ಇಲ್ಲ. ನನ್ನ ಮೊದಲ ಪತ್ರ ಬರಲೇ ಇಲ್ಲ. ವಿಳಾಸದಲ್ಲಿ ಊರಿನ ಹೆಸರು ಮತ್ತು ತಾಲ್ಲೂಕು ಮಾತ್ರ ಬರೆದಿದ್ದೆ. ಅದೇ ಹೆಸರಿನ ಇನ್ನೊಂದು ಊರು ಪಕ್ಕದ ಹೋಬಳಿಯಲ್ಲಿದೆ. ಮೂರು ವಾರ ಕಾದ ಮೇಲೆ ಮತ್ತೊಂದು ಪಿನ್ ಕೋರಲು ಅವಕಾಶ ಸಿಗುತ್ತದೆ. ಹಾಗೆ ಕೋರುವ ಮುನ್ನ ತಂದೆಯ ಹೆಸರು, ಮನೆ ಸಂಖ್ಯೆ, ಅಂಚೆ ಕಚೇರಿ, ಹೋಬಳಿ ಎಲ್ಲವನ್ನೂ ಸೇರಿಸಿ ವಿಳಾಸ ತಿದ್ದಿದೆ, ಅಂಚೆಯಣ್ಣನಿಗೂ ಒಂದು ಮಾತು ಹೇಳಿಟ್ಟೆ. ಎರಡನೆಯ ಪತ್ರ ಏಪ್ರಿಲ್‌ನಲ್ಲಿ ಕೈಸೇರಿತು. ಮೊದಲ ಪಿನ್ ಹೊರಟಂದಿನಿಂದ ನಾಲ್ಕು ತಿಂಗಳೊಳಗೆ ಅದನ್ನು ನಮೂದಿಸಬೇಕಾದ್ದರಿಂದ, ನನಗೆ ಇನ್ನೂ ಕಾಲವಿತ್ತು.

ಈಗ ಮಿತಿಯ ಮಾತು. ಡಾಲರಿನಲ್ಲಿ ಲೆಕ್ಕವಿರುವ ಖಾತೆಗೆ ಸಂದಾಯದ ಮಿತಿ 100 ಡಾಲರ್. ಜನವರಿಯ 12 ಡಾಲರಿಗೆ ಫೆಬ್ರವರಿಯ 17, ಮಾರ್ಚಿನ 21, ಏಪ್ರಿಲ್‌ನ 24, ಮೇ ತಿಂಗಳ 29 ಸೇರಿ, ಜೂನ್ ಎರಡನೆಯ ವಾರದಲ್ಲಿ ನನ್ನ ಖಾತೆಯಲ್ಲಿ 103 ಡಾಲರ್ ಇತ್ತು. ಮಿತಿ ದಾಟಿದ ಹಣ ಅದೇ ತಿಂಗಳ 21ರಿಂದ 26ರೊಳಗೆ ಹೊರಡುತ್ತದೆ, ಆದರೆ ಖಾತೆಯ ಮೇಲಿನ ಎಲ್ಲ ತಡೆಗಳೂ 20ನೇ ತಾರೀಕಿನೊಳಗೆ ತೆರವಾಗಿರಬೇಕು. ಬ್ಯಾಂಕ್ ವಿವರ ಕೊಡದಿರುವುದೂ ಅಂಥ ಒಂದು ತಡೆ. ಹಣ ಹೊರಡುವ ಹೊತ್ತಿಗೆ ಕೊಟ್ಟರಾಯಿತು ಎಂದುಕೊಂಡು ನಾನು ಅದನ್ನು ತುಂಬಿದ್ದು ಜೂನ್ 22ರಂದು. ಹೀಗಾಗಿ ಹಣ ಜುಲೈಗೆ ಹೋಯಿತು. ಜೂನ್ ಗಳಿಕೆಯ 31 ಡಾಲರ್ ಅದರೊಂದಿಗೆ ಸೇರಿ 134 ಆಯಿತು ಎನ್ನುವುದಷ್ಟೇ ಸಮಾಧಾನ.

ಬ್ಯಾಂಕ್ ವಿವರದಲ್ಲಿ ಎರಡು ಕಡೆ ತೊಡಕಾಗುತ್ತದೆ. ಒಂದು, ಹೆಸರು: ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಹಿಂದಿದ್ದು, ಸಂದಾಯದ ಪ್ರೊಫೈಲಿನಲ್ಲಿ ಅದು ಮುಂದಿದ್ದರೆ ಬ್ಯಾಂಕು ಹಣವನ್ನು ತಡೆಹಿಡಿಯಬಹುದು, ಹಿಂದಿರುಗಿಸಲೂಬಹುದು. ಪಾಸ್‌ಬುಕ್ಕಿನಲ್ಲಿರುವಂತೆಯೇ ಬರೆಯಿರಿ. ಇನ್ನೊಂದು, ವಿದೇಶದಿಂದ ಹಣ ಬರಲು ಬೇಕಾದ ಸ್ವಿಫ್ಟ್ ಕೋಡ್. ಐಎಫ್‌ಎಸ್‌ಸಿ ಕೋಡ್ ಪ್ರತಿ ಶಾಖೆಗೂ ಇರುತ್ತದೆ. ಹನ್ನೊಂದು ಅಕ್ಷರಗಳ ಅದರಲ್ಲಿ ಐದನೆಯದು ಸೊನ್ನೆ, ಇಂಗ್ಲಿಷಿನ ಓ ಅಲ್ಲ. ಎಂಟು ಅಥವಾ ಹನ್ನೊಂದು ಅಕ್ಷರಗಳ ಸ್ವಿಫ್ಟ್ ಕೋಡ್ ಮಾತ್ರ ಹಳ್ಳಿಯ ಶಾಖೆಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಆಗ ಅದೇ ಬ್ಯಾಂಕಿನ ವಿದೇಶಿ ವಿನಿಮಯ ನೋಡಿಕೊಳ್ಳುವ ದೊಡ್ಡ ಶಾಖೆಯ ಕೋಡನ್ನು ಕೇಳಿ ಪಡೆಯಬೇಕು. ನಾನು ತುಮಕೂರಿಗೆ ಹೋಗಿ ತಂದೆ.

ಅಮೆರಿಕದ ತೆರಿಗೆಯ ನಮೂನೆ W-8BEN ಅನ್ನೂ ಆಗಲೇ ತುಂಬಿ, ತೆರಿಗೆ ಗುರುತಿನ ಸಂಖ್ಯೆಯ ಜಾಗದಲ್ಲಿ ಪ್ಯಾನ್ ಕೊಡಿ. ಅದನ್ನು ತುಂಬದಿದ್ದರೆ ಎಲ್ಲ ದೇಶಗಳ ವೀಕ್ಷಕರಿಂದ ಬಂದ ಗಳಿಕೆಯ ಮೇಲೂ ಶೇ. 24ರವರೆಗೆ ಕಡಿತವಾಗಬಹುದು, ತುಂಬಿ ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ ಲಾಭ ಪಡೆದರೆ ಅಮೆರಿಕದ ವೀಕ್ಷಕರ ಪಾಲಿಗಷ್ಟೇ ಶೇ. 15.

ಜುಲೈ 22ರಂದು ಹಣ ಕಳುಹಿಸಲಾಗಿದೆ ಎಂಬ ಮಿಂಚಂಚೆ ಬಂತು. ವೈರ್ ವರ್ಗಾವಣೆಗೆ ಹದಿನೈದು ದಿನಗಳವರೆಗೂ ಹಿಡಿಯಬಹುದು, ಆದ್ದರಿಂದ ಅದಕ್ಕೆ ಮೊದಲೇ ಗಾಬರಿಯಾಗಬೇಕಿಲ್ಲ. ನಾಲ್ಕನೆಯ ದಿನ ಬ್ಯಾಂಕಿನಿಂದ ಕರೆ ಬಂತು: ಈ ಡಾಲರ್ ಯಾವುದಕ್ಕೆ ಬಂದದ್ದು? ಜಾಹೀರಾತು ಸೇವೆಯ ವರಮಾನ ಎಂದು ಹೇಳಿ, ಅದಕ್ಕೆ ಹೊಂದುವ ಉದ್ದೇಶದ ಕೋಡ್ P1007 ಎಂದು ಬರೆದುಕೊಟ್ಟೆ. ಆ ಕರೆಯನ್ನು ಮೋಸದ ಕರೆಯೆಂದು ಕತ್ತರಿಸಿದ್ದರೆ ಹಣ ಅಲ್ಲೇ ಕೂತಿರುತ್ತಿತ್ತು. ಅನುಮಾನವಿದ್ದರೆ ಶಾಖೆಗೇ ಹೋಗಿ ಉತ್ತರಿಸಿ. ಜುಲೈ 28ರಂದು, ಬ್ಯಾಂಕಿನ ಶುಲ್ಕ ಕಳೆದು, ಉಳಿದ ಹಣ ರೂಪಾಯಿಯಾಗಿ ನನ್ನ ಖಾತೆಗೆ ಬಂತು.